ಒಂಬತ್ತು ಇಪ್ಪತ್ತರ ಸ್ಟ್ರ್ಯಾಡಲ್ ಕೈಕೊಟ್ಟಾಗ

ಷೇರುಪೇಟೆ ಬೆಳಗ್ಗೆ 9:15ಕ್ಕೆ ತೆರೆಯುತ್ತದೆ. ಮೊದಲ ಐದು ನಿಮಿಷದ ಗದ್ದಲ ಕಳೆಯಲು ಬಿಟ್ಟು, 9:20ಕ್ಕೆ ಸರಿಯಾಗಿ, ಬ್ಯಾಂಕ್ ನಿಫ್ಟಿ ಆ ಕ್ಷಣ ಎಲ್ಲಿದೆಯೋ ಅದೇ ಸ್ಟ್ರೈಕ್‌ನ ಒಂದು ಕಾಲ್ ಮತ್ತು ಒಂದು ಪುಟ್ ಮಾರುವುದು. ಎರಡಕ್ಕೂ ಶೇ 25ರ ಸ್ಟಾಪ್‌ಲಾಸ್ ಹಾಕುವುದು. ಮಧ್ಯಾಹ್ನ 3:15ಕ್ಕೆ ಉಳಿದಿದ್ದನ್ನು ಮುಚ್ಚಿ ಎದ್ದುಹೋಗುವುದು. ನಡುವೆ ಏನೂ ಯೋಚಿಸುವಂತಿಲ್ಲ. 2020ರ ನಂತರದ ಕೆಲವು ವರ್ಷಗಳಲ್ಲಿ ನಮ್ಮ ದೇಶದ ಸಣ್ಣ ಆಪ್ಷನ್ ಮಾರಾಟಗಾರರ ಬಾಯಲ್ಲಿ ಅತಿ ಹೆಚ್ಚು ಓಡಾಡಿದ ಸೂತ್ರ ಇದು. ಅದಕ್ಕೆ ‘ನೈನ್ ಟ್ವೆಂಟಿ ಸ್ಟ್ರ್ಯಾಡಲ್’ ಎಂದೇ ಹೆಸರು. ತಿಂಗಳುಗಟ್ಟಲೆ ದುಡಿದು ಕೊಟ್ಟಿತು. ಆಮೇಲೆ ಅದೇ ಸಮಯಕ್ಕೆ, ಅದೇ ಶಿಸ್ತಿನಿಂದ ಮಾಡಿದವರಿಗೂ ಕೈಕೊಟ್ಟಿತು.

ಹಾಗೆ ಕೈಕೊಟ್ಟಿದ್ದು ನಾಲ್ಕು ದಿನದ ದುರದೃಷ್ಟವೋ, ಮಾರುಕಟ್ಟೆಯ ಸ್ವಭಾವವೇ ಬದಲಾಗಿದ್ದರಿಂದಲೋ ಎಂದು ತಿಳಿಯುವುದು ಹೇಗೆ? ಬದಲಾಗಿದ್ದರೆ ಏನು ಮಾಡಬೇಕು? ಕಷ್ಟದ ಪ್ರಶ್ನೆಗಳೇ. ಆದರೆ ಬಹಳ ಜನ ಉತ್ತರವನ್ನು ಹುಡುಕುವುದು ತಪ್ಪು ಜಾಗದಲ್ಲಿ, ಅಂದರೆ ದಿನದ ಕೊನೆಯ ಲಾಭ-ನಷ್ಟದ ಅಂಕಣದಲ್ಲಿ.

ಮೊದಲು ಈ ಸೂತ್ರಕ್ಕೆ ದುಡ್ಡು ಎಲ್ಲಿಂದ ಬರುತ್ತಿತ್ತು ಎಂದು ನೋಡೋಣ. ಆಪ್ಷನ್ ಮಾರುವವನು ವಿಮಾ ಕಂಪನಿಯ ಜಾಗದಲ್ಲಿರುತ್ತಾನೆ. ಸೂಚ್ಯಂಕ ಜೋರಾಗಿ ಏರೀತು ಅಥವಾ ಬಿದ್ದೀತು ಎಂಬ ಆತಂಕಕ್ಕೆ ಕೊಳ್ಳುವವನು ಪ್ರೀಮಿಯಂ ಕಟ್ಟುತ್ತಾನೆ. ಎಕ್ಸ್‌ಪೈರಿ ಹತ್ತಿರ ಬಂದಂತೆ ಆ ಪ್ರೀಮಿಯಂ ಕರಗುತ್ತದೆ, ಕರಗಿದ್ದು ಮಾರಿದವನ ಪಾಲು. ಜನ ಹೆದರಿದಷ್ಟು ಮಾರುಕಟ್ಟೆ ಅಲುಗಾಡದಿದ್ದರೆ ಮಾರಿದವನಿಗೆ ಲಾಭ, ಅದಕ್ಕಿಂತ ಹೆಚ್ಚು ಅಲುಗಾಡಿದರೆ ನಷ್ಟ. ಹೆದರಿಕೆಯ ಬೆಲೆಗೂ ನಿಜವಾದ ಓಲಾಟಕ್ಕೂ ನಡುವೆ ಇರುವ ಅಂತರವೇ ಇಲ್ಲಿನ ಸಂಪಾದನೆ. ಇದೊಂದನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು.

ಹೆದರಿಕೆಯ ಬೆಲೆ ತಿಳಿಯಲು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಪ್ರಕಟಿಸುವ ಇಂಡಿಯಾ ವಿಕ್ಸ್ ಇದೆ. ಅದು ನಿಫ್ಟಿಯ ಆಪ್ಷನ್‌ಗಳಿಂದ ಲೆಕ್ಕ ಹಾಕಿದ್ದು, ಬ್ಯಾಂಕ್ ನಿಫ್ಟಿಯದ್ದಲ್ಲ. ಆದರೂ ಗಾಳಿ ಯಾವ ಕಡೆಗೆ ಎಂದು ತಿಳಿಯುತ್ತದೆ. ಆ ಸಂಖ್ಯೆಯನ್ನು 16ರಿಂದ ಭಾಗಿಸಿದರೆ, ಒಂದು ದಿನಕ್ಕೆ ಸೂಚ್ಯಂಕ ಶೇಕಡಾ ಎಷ್ಟು ಅಲುಗಾಡಬಹುದೆಂದು ಪೇಟೆ ಎಣಿಸುತ್ತಿದೆ ಎಂಬ ಅಂದಾಜು ಸಿಗುತ್ತದೆ. ವಿಕ್ಸ್ 16 ಇದ್ದರೆ ದಿನಕ್ಕೆ ಹೆಚ್ಚುಕಡಿಮೆ ಶೇ 1. ಕೋವಿಡ್ ಹೊಡೆತ ಬಿದ್ದ 2020ರ ಮಾರ್ಚ್‌ನಲ್ಲಿ ಅದು 80 ದಾಟಿತ್ತು. ಆಮೇಲೆ ಇಳಿಯಿತು, ಉಕ್ರೇನ್ ಯುದ್ಧ ಶುರುವಾದಾಗ ಮತ್ತೆ ಏರಿತು, 2023ರ ಮಧ್ಯದ ಹೊತ್ತಿಗೆ 11ರ ಆಸುಪಾಸಿಗೆ ಬಂದು ಕೂತಿತು. 80ರ ಕಾಲ ಯಾರಿಗೂ ಬೇಡ. ಆದರೆ ಅದರ ನೆನಪಿನಿಂದ ಪ್ರೀಮಿಯಂ ದಪ್ಪವಾಗಿಯೇ ಉಳಿದು, ನಿಜವಾದ ಓಲಾಟ ತಣ್ಣಗಾಗುತ್ತಾ ಹೋದ ತಿಂಗಳುಗಳಿವೆಯಲ್ಲ, ಸ್ಟ್ರ್ಯಾಡಲ್ ಮಾರುವವನ ಸುಗ್ಗಿ ಅದು.

ಈಗ ಒಂದು ದಿನವನ್ನು ಹತ್ತಿರದಿಂದ ನೋಡೋಣ. ಅಂಕಿಗಳು ಲೆಕ್ಕಕ್ಕೆಂದು ನಾನು ಇಟ್ಟುಕೊಂಡವು. ಬ್ಯಾಂಕ್ ನಿಫ್ಟಿ 40,000ದಲ್ಲಿದೆ. 9:20ಕ್ಕೆ ಕಾಲ್ 200 ರೂಪಾಯಿ, ಪುಟ್ 200 ರೂಪಾಯಿ. ಒಟ್ಟು 400 ಪಾಯಿಂಟ್ ಪ್ರೀಮಿಯಂ. ಆಗ ಲಾಟ್ 25ರದ್ದು, ಹಾಗಾಗಿ ಕೈಗೆ ಬಂದದ್ದು 10,000 ರೂಪಾಯಿ. ಎರಡಕ್ಕೂ ಸ್ಟಾಪ್‌ಲಾಸ್ 250ರಲ್ಲಿ.

ಸಂಜೆಯ ಹೊತ್ತಿಗೆ ಮೂರರಲ್ಲಿ ಒಂದು ಆಗಿರುತ್ತದೆ. ಸೂಚ್ಯಂಕ ಇದ್ದಲ್ಲೇ ಹೊರಳಾಡಿ ಎರಡೂ ಕರಗಿದರೆ ಸುಮಾರು 100 ಪಾಯಿಂಟ್ ಲಾಭ. ಒಂದೇ ಕಡೆಗೆ ನಡೆದುಬಿಟ್ಟರೆ ಒಂದು ಕಾಲು ಸ್ಟಾಪ್‌ಲಾಸ್‌ಗೆ ಹೋಗಿ 50 ಪಾಯಿಂಟ್ ಕಳೆಯುತ್ತದೆ, ಇನ್ನೊಂದು ಕರಗಿ ಅದನ್ನು ತುಂಬಿಕೊಟ್ಟು 20 ಪಾಯಿಂಟ್ ಉಳಿಸುತ್ತದೆ. ಮೂರನೆಯದು ಕೆಟ್ಟದ್ದು. ಸೂಚ್ಯಂಕ ಮೊದಲು ಮೇಲಕ್ಕೆ ಹಾರಿ ಕಾಲ್‌ನ ಸ್ಟಾಪ್ ಮುಟ್ಟಿಸಿ, ಊಟದ ಹೊತ್ತಿಗೆ ತಿರುಗಿ ಬಿದ್ದು ಪುಟ್‌ನ ಸ್ಟಾಪನ್ನೂ ಮುಟ್ಟಿಸುತ್ತದೆ. ನೇರವಾಗಿ 100 ಪಾಯಿಂಟ್ ನಷ್ಟ. ‘ಎರಡೂ ಎಸ್‌ಎಲ್’ ದಿನ ಎಂದರೆ ಇದು.

ತಿಂಗಳಿಗೆ 20 ವಹಿವಾಟಿನ ದಿನ ಎನ್ನಿ. 8 ದಿನ ಸುಮ್ಮನಿದ್ದವು, 8 ದಿನ ಒಂದೇ ಕಡೆ ನಡೆದವು, 4 ದಿನ ಎರಡೂ ಎಸ್‌ಎಲ್. ಕೂಡಿ ಕಳೆದರೆ 560 ಪಾಯಿಂಟ್. ಪ್ರತಿದಿನ ಮಾರುವ-ಕೊಳ್ಳುವ ನಾಲ್ಕು ಆರ್ಡರ್‌ಗಳಲ್ಲಿ ಬೆಲೆ ಜಾರಿದ್ದು, ಬ್ರೋಕರೇಜು, ತೆರಿಗೆ ಎಲ್ಲ ಸೇರಿ 8 ಪಾಯಿಂಟ್ ಹೋಗುತ್ತದೆಂದರೆ ಉಳಿದದ್ದು 400. ಲಾಟಿಗೆ 10,000 ರೂಪಾಯಿ. ಆರೇಳು ತಿಂಗಳು ಹೀಗೆ ಬಂದರೆ ಯಾರಿಗೆ ತಾನೇ ಕೆಲಸ ಬಿಡುವ ಯೋಚನೆ ಬರುವುದಿಲ್ಲ?

ಕಾಲ ಬದಲಾಯಿತು. ಹೆದರಿಕೆ ಇಳಿಯಿತು. ಅದೇ ಸ್ಟ್ರ್ಯಾಡಲ್‌ಗೆ ಈಗ ಸಿಗುವುದು 240 ಪಾಯಿಂಟ್. ಶೇ 25ರ ಸ್ಟಾಪ್‌ಲಾಸ್ ಎಂದರೆ 50 ಪಾಯಿಂಟ್ ಇದ್ದದ್ದು ಈಗ ಬರೀ 30. ಮುಂಚೆ ಸೂಚ್ಯಂಕ ಒಂದೇ ಉಸಿರಿಗೆ ಸುಮಾರು 100 ಪಾಯಿಂಟ್ ಹೋದರೆ ಮುಟ್ಟುತ್ತಿದ್ದ ಸ್ಟಾಪ್, ಈಗ ಅರವತ್ತಕ್ಕೂ ಮೊದಲೇ ಮುಟ್ಟುತ್ತದೆ. ಓಲಾಟವೂ ಅದೇ ಪ್ರಮಾಣದಲ್ಲಿ ತಗ್ಗಿದ್ದರೆ ತೊಂದರೆ ಇರಲಿಲ್ಲ. ಮೇಲಿನ ಲೆಕ್ಕವನ್ನೇ 8-8-4ರಲ್ಲಿ ಇಟ್ಟು ಹೊಸ ಅಳತೆಯಲ್ಲಿ ಮಾಡಿ ನೋಡಿ. ಸುಮ್ಮನಿದ್ದ ದಿನಕ್ಕೆ 60, ಒಂದೇ ಕಡೆ ನಡೆದ ದಿನಕ್ಕೆ 12, ಕೆಟ್ಟ ದಿನಕ್ಕೆ 60 ನಷ್ಟ. ಖರ್ಚು ಮಾತ್ರ ಹಾಗೇ 8. ಉಳಿಯುವುದು 176 ಪಾಯಿಂಟ್, ಅಂದರೆ 4,400 ರೂಪಾಯಿ. ಪ್ರೀಮಿಯಂ ಶೇ 40 ಕುಗ್ಗಿದರೆ ಲಾಭ ಅರ್ಧಕ್ಕಿಂತಲೂ ಕೆಳಗೆ ಹೋಯಿತು, ಏಕೆಂದರೆ ಖರ್ಚು ಕುಗ್ಗಲಿಲ್ಲ. ಆದರೂ ಸೂತ್ರ ಬದುಕಿದೆ.

ಅದನ್ನು ಕೊಲ್ಲುವುದು ಇನ್ನೊಂದು ಬದಲಾವಣೆ. ಪ್ರೀಮಿಯಂ 240ಕ್ಕೆ ಇಳಿದರೂ ದಿನದೊಳಗಿನ ಓಲಾಟ ಅಷ್ಟು ಇಳಿಯದಿದ್ದರೆ, ಬಿಗಿಯಾದ ಸ್ಟಾಪ್‌ಗಳು ಎರಡೂ ಕಡೆ ಮುಟ್ಟತೊಡಗುತ್ತವೆ. 8-8-4 ಇದ್ದದ್ದು 5-7-8 ಆಯಿತೆನ್ನಿ. ಆಗ ಖರ್ಚು ಕಳೆದು 256 ಪಾಯಿಂಟ್ ನಷ್ಟ, ಲಾಟಿಗೆ 6,400 ರೂಪಾಯಿ ಕೈಬಿಟ್ಟಿತು. ವ್ಯಾಪಾರಿ ಏನೂ ತಪ್ಪು ಮಾಡಿಲ್ಲ. ಗಡಿಯಾರ ನೋಡಿಯೇ ಒತ್ತಿದ್ದಾನೆ.

ಆದ್ದರಿಂದ ಹಾಳೆಯಲ್ಲಿ ಬರೆದಿಡಬೇಕಾದ್ದು ಎರಡು ಸಂಗತಿ. ಒಂದು, ಇಪ್ಪತ್ತು ದಿನಕ್ಕೆ ಎರಡೂ ಎಸ್‌ಎಲ್ ದಿನಗಳೆಷ್ಟು. ಎರಡು, 9:20ಕ್ಕೆ ಸಿಕ್ಕ ಒಟ್ಟು ಪ್ರೀಮಿಯಂಗೆ ಹೋಲಿಸಿದರೆ ಆ ದಿನ ಸೂಚ್ಯಂಕದ ಗರಿಷ್ಠಕ್ಕೂ ಕನಿಷ್ಠಕ್ಕೂ ನಡುವಿನ ಅಂತರವೆಷ್ಟು. 400 ಪ್ರೀಮಿಯಂ ಸಿಗುತ್ತಿದ್ದಾಗ ಅಂತರ 320ರ ಸುತ್ತ ಇದ್ದರೆ ಅನುಪಾತ 0.8. ಪ್ರೀಮಿಯಂ 240ಕ್ಕೆ ಇಳಿದಾಗ ಅಂತರ 260 ಇದ್ದರೆ ಅದು 1ನ್ನು ದಾಟಿತು. ಲಾಭ-ನಷ್ಟದ ಅಂಕಣ ಕೆಂಪಾಗುವ ಮೊದಲೇ ಈ ಅನುಪಾತ ಏರಲು ಶುರುವಾಗುವುದುಂಟು. ಒಂದು ಎಚ್ಚರ: ಎಕ್ಸ್‌ಪೈರಿ ದಿನದ ಪ್ರೀಮಿಯಂ ತೆಳ್ಳಗೇ ಇರುತ್ತದೆ, ಎಕ್ಸ್‌ಪೈರಿಗೆ ನಾಲ್ಕು ದಿನ ಇದ್ದಾಗ ದಪ್ಪ. ಎಕ್ಸ್‌ಪೈರಿ ದಿನವನ್ನು ಎಕ್ಸ್‌ಪೈರಿ ದಿನದ ಜೊತೆಗೇ ಹೋಲಿಸಬೇಕು, ಇಲ್ಲವಾದರೆ ಇಲ್ಲದ ಬದಲಾವಣೆ ಕಾಣಿಸುತ್ತದೆ.

ಬರೀ ಕೆಟ್ಟ ತಿಂಗಳೇ ಏಕಾಗಿರಬಾರದು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ಲೆಕ್ಕ ಹಾಕಿಯೇ ನೋಡಬಹುದು. ಎರಡೂ ಎಸ್‌ಎಲ್ ದಿನ ಐದಕ್ಕೆ ಒಂದು ಎನ್ನುವುದು ಹಳೆಯ ಸ್ವಭಾವವಾದರೆ, 20 ದಿನದಲ್ಲಿ 4 ಬರಬೇಕು. ಏನೂ ಬದಲಾಗದೆ, ಬರೀ ಅದೃಷ್ಟದಾಟದಿಂದ 6 ಅಥವಾ ಹೆಚ್ಚು ಬರುವ ಸಾಧ್ಯತೆ ಶೇ 20ರ ಹತ್ತಿರ. ಅಂದರೆ ಐದು ತಿಂಗಳಿಗೊಮ್ಮೆ ಆರು ಕೆಟ್ಟ ದಿನ ಬರುವುದು ಮಾಮೂಲು, ಅದಕ್ಕೆ ಹೆದರಿ ನಿಲ್ಲಿಸಿದವನು ಒಳ್ಳೆಯ ಸೂತ್ರವನ್ನು ವರ್ಷಕ್ಕೆರಡು ಸಲ ಕೈಬಿಡುತ್ತಾನೆ. 8 ಅಥವಾ ಹೆಚ್ಚು ಬರುವ ಸಾಧ್ಯತೆ ಶೇ 3 ಚಿಲ್ಲರೆ. ಇದು ಅನುಮಾನಿಸಬೇಕಾದ ಮಟ್ಟ. ಆದರೂ ವರ್ಷದ ಹನ್ನೆರಡು ತಿಂಗಳು ನೋಡುತ್ತಾ ಕೂತವನಿಗೆ, ಏನೂ ಬದಲಾಗದಿದ್ದರೂ ಅಂಥ ಒಂದು ತಿಂಗಳು ಎದುರಾಗುವ ಸಾಧ್ಯತೆ ಮೂರಕ್ಕೆ ಒಂದರಷ್ಟಿದೆ. ಸಾಲದ್ದಕ್ಕೆ ಕೆಟ್ಟ ದಿನಗಳು ಒಂಟಿಯಾಗಿ ಬರುವುದಿಲ್ಲ, ಗುಂಪು ಕಟ್ಟಿಕೊಂಡು ಬರುತ್ತವೆ. ಹಾಗಾಗಿ ಎಣಿಕೆಯೊಂದನ್ನೇ ನೆಚ್ಚಿ ತೀರ್ಪು ಕೊಡಲಾಗದು. ಎಣಿಕೆ ಅನುಮಾನ ಹುಟ್ಟಿಸಬೇಕು, ಅನುಪಾತ ಅದನ್ನು ಒಪ್ಪಬೇಕು, ಜೊತೆಗೆ ‘ಏಕೆ’ ಎನ್ನುವುದಕ್ಕೆ ಹೊರಗಿನ ಕಾರಣವೊಂದು ಸಿಗಬೇಕು.

ಹೊರಗಿನ ಕಾರಣಗಳಲ್ಲಿ ಎರಡು ಬಗೆ. ಒಂದು ಬಂದುಹೋಗುವಂಥದ್ದು. ವಿಕ್ಸ್ ಇಳಿದಿದೆ, ನಾಳೆ ಏರೀತು. ಇನ್ನೊಂದು ಮರಳಿ ಬಾರದ್ದು, ಆಟದ ನಿಯಮವೇ ಬದಲಾಗಿರುವುದು. ನನ್ನ ಮಟ್ಟಿಗೆ, ನಿಲ್ಲಿಸಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಇವೆರಡನ್ನು ಬೇರ್ಪಡಿಸುವುದೇ ಅರ್ಧ ಕೆಲಸ.

ನಿಯಮದ ಬದಲಾವಣೆಗಳು ಸದ್ದಿಲ್ಲದೆಯೂ ಬರುತ್ತವೆ. 2021ರ ಸೆಪ್ಟೆಂಬರ್‌ನಲ್ಲಿ ವಿನಿಮಯ ಕೇಂದ್ರ ಆಪ್ಷನ್‌ಗಳಿಗೆ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರನ್ನು ನಿಲ್ಲಿಸಿತು. ಉಳಿದದ್ದು ಬೆಲೆಯ ಮಿತಿ ಹಾಕುವ ಸ್ಟಾಪ್‌ಲಾಸ್ ಮಾತ್ರ. ಬೆಲೆ ಆ ಮಿತಿಯನ್ನು ಹಾರಿಕೊಂಡು ಹೋದರೆ ಆರ್ಡರ್ ಹಾಗೇ ತೆರೆದುಕೊಂಡಿರುತ್ತದೆ, 50 ಪಾಯಿಂಟ್ ಎಂದುಕೊಂಡಿದ್ದ ನಷ್ಟ ನೂರಾಗುತ್ತದೆ. ಬ್ಯಾಕ್‌ಟೆಸ್ಟ್‌ನ ಹಾಳೆಯಲ್ಲಿ ಇದು ಕಾಣುವುದೇ ಇಲ್ಲ. ಅಲ್ಲಿ ಸ್ಟಾಪ್ ಎಂದರೆ ಅದೇ ಬೆಲೆಗೆ ಹೊರಬಂದಂತೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ನಿಫ್ಟಿಯ ವಾರದ ಎಕ್ಸ್‌ಪೈರಿ ಗುರುವಾರದಿಂದ ಬುಧವಾರಕ್ಕೆ ಸರಿಯಿತು. ‘ಬುಧವಾರ ಸ್ಟಾಪ್ ಇಷ್ಟು, ಗುರುವಾರ ಇಷ್ಟು’ ಎಂದು ವಾರದ ಹೆಸರಿನಲ್ಲಿ ಸೂತ್ರ ಬರೆದುಕೊಂಡಿದ್ದವರಿಗೆ ಒಂದು ದಿನ ತಪ್ಪಿದಂತಾಯಿತು. ಎಕ್ಸ್‌ಪೈರಿಗೆ ಎಷ್ಟು ದಿನ ಉಳಿದಿದೆ ಎಂದು ಎಣಿಸಿ ಬರೆದವರಿಗೆ ಹೆಚ್ಚೇನೂ ಆಗಲಿಲ್ಲ.

ದೊಡ್ಡ ಪೆಟ್ಟು ಬಂದದ್ದು 2024ರಲ್ಲಿ. ಆ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್‌ನಲ್ಲಿ ವಹಿವಾಟು ಮಾಡಿದ ಬಿಡಿ ವ್ಯಾಪಾರಿಗಳ ಪೈಕಿ ಶೇ 93 ಮಂದಿ ನಷ್ಟದಲ್ಲಿದ್ದರು. ಅಕ್ಟೋಬರ್ 1ರ ಸುತ್ತೋಲೆಯಲ್ಲಿ, ಒಂದು ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ ಎಂದು ನಿಗದಿಯಾಯಿತು. ಕಾಂಟ್ರ್ಯಾಕ್ಟ್‌ನ ಮೌಲ್ಯ ಕನಿಷ್ಠ 15 ಲಕ್ಷ ರೂಪಾಯಿಗೆ ಏರಿತು. ಎಕ್ಸ್‌ಪೈರಿ ದಿನ ಆಪ್ಷನ್ ಮಾರಿದವರ ಮೇಲೆ ಶೇ 2ರ ಹೆಚ್ಚುವರಿ ಮಾರ್ಜಿನ್ ಬಿತ್ತು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ನಿಫ್ಟಿಯ ವಾರದ ಆಪ್ಷನ್‌ಗಳನ್ನು ಉಳಿಸಿಕೊಂಡಿತು. ಬ್ಯಾಂಕ್ ನಿಫ್ಟಿಯ ಕೊನೆಯ ವಾರದ ಎಕ್ಸ್‌ಪೈರಿ 2024ರ ನವೆಂಬರ್ 13ಕ್ಕೆ ಮುಗಿಯಿತು.

ಅದಾದ ಮೇಲೂ ಕೆಲವರು ಅದೇ 9:20, ಅದೇ ಶೇ 25ನ್ನು ಬ್ಯಾಂಕ್ ನಿಫ್ಟಿಯ ತಿಂಗಳ ಆಪ್ಷನ್‌ಗಳ ಮೇಲೆ ಓಡಿಸಿದರು. ಇದು ಏಕೆ ನಡೆಯದು ಎನ್ನುವುದು ಸರಳ ಲೆಕ್ಕ. ಸೂಚ್ಯಂಕದ ಮಟ್ಟದಲ್ಲೇ ಇರುವ ಆಪ್ಷನ್‌ನ ಬೆಲೆ, ಉಳಿದ ದಿನಗಳ ವರ್ಗಮೂಲದ ಜಾಡಿನಲ್ಲಿ ಇಳಿಯುತ್ತದೆ. ಐದು ದಿನ ಉಳಿದಿದ್ದದ್ದು ನಾಲ್ಕಾದರೆ ಪ್ರೀಮಿಯಂ ಸುಮಾರು ಶೇ 10 ಕರಗುತ್ತದೆ. ಇಪ್ಪತ್ತು ದಿನ ಉಳಿದಿದ್ದದ್ದು ಹತ್ತೊಂಬತ್ತಾದರೆ ಶೇ 2.5 ಮಾತ್ರ. ಬರುವ ದುಡ್ಡಿನ ದಾರಿಯೇ ಕಾಲು ಭಾಗಕ್ಕೆ ಕಿರಿದಾದ ಮೇಲೆ ಹಳೆಯ ದಾಖಲೆ ಇಟ್ಟುಕೊಂಡು ಪ್ರಯೋಜನವಿಲ್ಲ. ಇಲ್ಲಿ ತಾತ್ಕಾಲಿಕ ವಿರಾಮದ ಮಾತೇ ಬರುವುದಿಲ್ಲ. ಮುಚ್ಚಿಬಿಡಬೇಕು. ನಿಫ್ಟಿಯ ವಾರದ ಆಪ್ಷನ್‌ಗೆ ಒಯ್ಯಬಹುದಲ್ಲ ಎಂದರೆ, ಒಯ್ಯಬಹುದು. ಆದರೆ ಅದು ಬೇರೆ ಸೂಚ್ಯಂಕ, ಬೇರೆ ಓಲಾಟ. ಹೊಸ ಸೂತ್ರವೆಂದೇ ತಿಳಿದು ಮೊದಲಿನಿಂದ ಪರೀಕ್ಷಿಸಬೇಕು.

ಬಂದುಹೋಗುವ ಬದಲಾವಣೆಯಾದರೆ ತೀರ್ಮಾನ ಕಷ್ಟ. ಆಗ ವ್ಯಾಪಾರಿಗಳು ಸಾಮಾನ್ಯವಾಗಿ ಮಾಡುವುದು ಒಂದೇ, ರಿಪೇರಿ. ಸ್ಟಾಪನ್ನು 25ರಿಂದ 40ಕ್ಕೆ ಏರಿಸುತ್ತಾರೆ. ವಾರದ ಬಳಿಕ 9:20ನ್ನು 9:45 ಮಾಡುತ್ತಾರೆ. ಆಮೇಲೆ ಸ್ಟಾಪ್ ಮುಟ್ಟಿದ ಕಾಲನ್ನು ಮತ್ತೆ ಮಾರುವ ಷರತ್ತು ಸೇರಿಸುತ್ತಾರೆ. ಪ್ರತಿ ಸಲವೂ ಕಳೆದ ಎರಡು ತಿಂಗಳ ಬ್ಯಾಕ್‌ಟೆಸ್ಟ್ ಹಸಿರು ತೋರಿಸುತ್ತದೆ. ತೋರಿಸದೆ ಏನು, ಆ ಎರಡು ತಿಂಗಳಿಗೆ ಹೊಂದುವಂತೆಯೇ ಅಲ್ಲವೇ ಹೊಲಿದದ್ದು! ಇದರಿಂದಾಗುವ ನಷ್ಟ ಬರೀ ದುಡ್ಡಿನದ್ದಲ್ಲ. ಮೂರು ಸಲ ತಿದ್ದಿದ ಮೇಲೆ ಹೋಲಿಸಲು ಹಳೆಯ 8-8-4 ಎಂಬ ಅಳತೆಗೋಲೂ ಉಳಿಯುವುದಿಲ್ಲ. ಏನು ಕೆಟ್ಟಿದೆ ಎಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ.

ಕೆಲವರು ಒಟ್ಟು ನಷ್ಟಕ್ಕೆ ಗೆರೆ ಹಾಕಿಕೊಳ್ಳುತ್ತಾರೆ. ಹಿಂದಿನ ದಾಖಲೆಯಲ್ಲಿ ಶಿಖರದಿಂದ ಬಿದ್ದ ಅತಿ ದೊಡ್ಡ ಮೊತ್ತ 40,000 ಎಂದಾದರೆ, ಅದರ ಒಂದೂವರೆ ಪಟ್ಟು, 60,000 ಹೋದರೆ ನಿಲ್ಲಿಸುವುದು. ಕೊನೆಯ ಬೇಲಿಯಾಗಿ ಇದು ಇರಲೇಬೇಕು. ಆದರೆ ಇದೊಂದನ್ನೇ ನಂಬಿದರೆ ಪೂರ್ತಿ ಪೆಟ್ಟು ತಿಂದ ಮೇಲೆ ನಿಲ್ಲಿಸಿದಂತಾಗುತ್ತದೆ, ಅದಲ್ಲದೆ ಮತ್ತೆ ಯಾವಾಗ ಶುರು ಮಾಡಬೇಕು ಎಂದು ಅದು ಹೇಳುವುದಿಲ್ಲ. ನಿಲ್ಲಿಸಿದವನ ಖಾತೆ ಅಲ್ಲಾಡುವುದೇ ಇಲ್ಲವಲ್ಲ, ಅದು ಏನು ಸೂಚನೆ ಕೊಟ್ಟೀತು?

ಹಾಗಾಗಿ ನಾನು ಒಪ್ಪುವ ಕ್ರಮ ಹೀಗಿದೆ. ನಷ್ಟವಿದೆ, ಆದರೆ ಕೆಟ್ಟ ದಿನಗಳ ಎಣಿಕೆ ಐದಾರರೊಳಗಿದೆ, ಅನುಪಾತ ಹಳೆಯ ಮಟ್ಟದಲ್ಲೇ ಇದೆ ಎಂದಾದರೆ ಏನನ್ನೂ ಮುಟ್ಟದೆ ಮುಂದುವರಿಸುವುದು. ಎಣಿಕೆ ಎಂಟಕ್ಕೆ ಬಂದು ಅನುಪಾತವೂ ಏರಿದ್ದರೆ ಲಾಟ್ ಇಳಿಸುವುದು. ನಾಲ್ಕು ಲಾಟ್ ಮಾರುತ್ತಿದ್ದವನು ಒಂದಕ್ಕೆ ಇಳಿದರೆ ನಷ್ಟ ಕಾಲು ಭಾಗ, ಆದರೆ ಸ್ಲಿಪೇಜ್ ಎಷ್ಟು, ಸ್ಟಾಪ್ ಎಲ್ಲಿ ಮುಟ್ಟುತ್ತಿದೆ ಎಂಬ ನಿಜವಾದ ಮಾಹಿತಿ ಬರುತ್ತಲೇ ಇರುತ್ತದೆ. ಇನ್ನೊಂದು ತಿಂಗಳೂ ಹಾಗೇ ಇದ್ದರೆ ಪೂರ್ತಿ ನಿಲ್ಲಿಸಿ, ದಿನವೂ 9:20ರ ಬೆಲೆಗಳನ್ನು ಬರೆದು ಕಾಗದದ ಮೇಲೆ ಆಡುವುದು. ಕಾಗದದ ಆಟದಲ್ಲೂ ದಿನಕ್ಕೆ 8 ಪಾಯಿಂಟ್ ಖರ್ಚು ಕಳೆಯಲೇಬೇಕು. ಅದನ್ನು ಮರೆತವರ ಕಾಗದ ಯಾವಾಗಲೂ ಲಾಭದಲ್ಲಿರುತ್ತದೆ. ಒಂದೇ ಲಾಟ್ ಮಾರುವವನಿಗೆ ನಡುವಿನ ಮೆಟ್ಟಿಲಿಲ್ಲ. 2024ರ ನವೆಂಬರ್‌ನಲ್ಲಿ ನಿಫ್ಟಿಯ ಲಾಟ್ 25ರಿಂದ 75ಕ್ಕೆ ಏರಿದಾಗ ಸಣ್ಣ ಬಂಡವಾಳದವರು ಅನೇಕರು ಈ ಜಾಗಕ್ಕೆ ಬಂದು ನಿಂತರು. ಅವರಿಗಿರುವುದು ಇದೆ ಅಥವಾ ಇಲ್ಲ ಎಂಬ ಎರಡೇ ಆಯ್ಕೆ, ಆದ್ದರಿಂದ ಸ್ವಲ್ಪ ಬೇಗ ನಿಲ್ಲಿಸುವುದೇ ಸರಿ.

ನಿಲ್ಲಿಸುವುದಕ್ಕೂ ಬೆಲೆಯಿದೆ. ಆಪ್ಷನ್ ಮಾರುವವರ ಒಳ್ಳೆಯ ದಿನಗಳು ಅನೇಕ ಸಲ ಕೆಟ್ಟ ಕಾಲದ ಬೆನ್ನಿಗೇ ಬರುತ್ತವೆ, ಏಕೆಂದರೆ ಪೆಟ್ಟು ಬಿದ್ದ ಮೇಲೆಯೇ ಜನ ಹೆದರಿ ಹೆಚ್ಚು ಪ್ರೀಮಿಯಂ ಕೊಡುವುದು. ಆದ್ದರಿಂದ ಮರಳುವ ಷರತ್ತನ್ನು ನಿಲ್ಲಿಸುವ ದಿನವೇ ಬರೆದಿಡಬೇಕು: ಅನುಪಾತ ಇಪ್ಪತ್ತು ದಿನದ ಸರಾಸರಿಯಲ್ಲಿ 0.85ಕ್ಕಿಂತ ಕೆಳಗೆ ಬಂದರೆ ಒಂದು ಲಾಟ್‌ನಿಂದ ಶುರು, ಹೀಗೆ. ಸಂಖ್ಯೆ ಅವರವರ ದಾಖಲೆಯಿಂದ ಬರಬೇಕು. ‘ನಿನ್ನೆ ಮಾಡಿದ್ದರೆ ಎಂಟು ಸಾವಿರ ಬರ್ತಿತ್ತಲ್ಲೋ ಮಾರಾಯ’ ಎನ್ನುವ ಗೆಳೆಯನ ಫೋನು ಷರತ್ತಲ್ಲ.

ಪ್ರೀಮಿಯಂ ದಪ್ಪವಾಯಿತೆಂದ ಕೂಡಲೇ ಒಳ್ಳೆಯ ಕಾಲ ಬಂತೆಂದೂ ಅಲ್ಲ. 2024ರ ಏಪ್ರಿಲ್ ಕೊನೆಯಲ್ಲಿ ವಿಕ್ಸ್ ಹತ್ತರ ಹತ್ತಿರಕ್ಕೆ ಇಳಿದಿತ್ತು. ಲೋಕಸಭಾ ಚುನಾವಣೆಯ ಫಲಿತಾಂಶ ಹತ್ತಿರವಾದಂತೆ ಏರುತ್ತಾ ಹೋಗಿ ಮೇ ತಿಂಗಳಲ್ಲಿ ಇಪ್ಪತ್ತು ದಾಟಿತು. ತಿಂಗಳುಗಟ್ಟಲೆ ತೆಳ್ಳನೆಯ ಪ್ರೀಮಿಯಂ ಕಂಡು ಬೇಸತ್ತಿದ್ದವರಿಗೆ ಹಬ್ಬದಂತೆ ಕಂಡಿತು. ಆದರೆ ಆ ಪ್ರೀಮಿಯಂ ಪೇಟೆಯ ಸ್ವಭಾವ ಬದಲಾಗಿ ಬಂದದ್ದಲ್ಲ, ದಿನಾಂಕ ಗೊತ್ತಿರುವ ಒಂದು ಘಟನೆಗೆ ಕಟ್ಟಿದ ಬೆಲೆ. ಮತ ಎಣಿಕೆಯ ದಿನ, ಜೂನ್ 4ರಂದು, ನಿಫ್ಟಿ ಶೇ 6ರ ಹತ್ತಿರ, ಬ್ಯಾಂಕ್ ನಿಫ್ಟಿ ಶೇ 8ರ ಹತ್ತಿರ ಕುಸಿದವು. ಮರುದಿನವೇ ವಿಕ್ಸ್ ಇಪ್ಪತ್ತರ ಕೆಳಗೆ. ಬಜೆಟ್, ಚುನಾವಣೆ, ರಿಸರ್ವ್ ಬ್ಯಾಂಕಿನ ನೀತಿಯಂಥ ಗೊತ್ತಿರುವ ದಿನಗಳನ್ನು ಇಪ್ಪತ್ತು ದಿನದ ಸರಾಸರಿಯಿಂದ ಹೊರಗಿಟ್ಟು ಲೆಕ್ಕ ಹಾಕಿದವರ ಹಾಳೆಯಲ್ಲಿ ಆ ಮೇ ತಿಂಗಳು ಮರಳುವ ಸೂಚನೆಯಾಗಿ ಅಷ್ಟು ಸುಲಭವಾಗಿ ಕಾಣಿಸುವಂತಿರಲಿಲ್ಲ. ಅವರು ಜೂನ್‌ನ ಎರಡನೇ ವಾರದಿಂದ ಮತ್ತೆ ಎಣಿಸಲು ಶುರು ಮಾಡಬೇಕಿತ್ತು, ಇಪ್ಪತ್ತು ದಿನ ತುಂಬಲು ಜುಲೈ ಬರಬೇಕಿತ್ತು, ಜುಲೈ 23ಕ್ಕೆ ಬಜೆಟ್ ಇತ್ತು.